ಇದು ಯಾರ ಮಾತು? ಕೇಳುಗರಿಗೆ ತಿಳಿಯುವಂತೆ ನಿರೂಪಣೆ ಬರೆಯಲು ಒಂಬತ್ತು ಸೂತ್ರಗಳು

ಭಾಗಮಂಡಲದ ಬಗ್ಗೆ ಅರ್ಧ ಗಂಟೆಯ ಧ್ವನಿರೂಪಕ ಬರೆಯಬೇಕು ಎಂದುಕೊಳ್ಳಿ. ಸಾಮಗ್ರಿಗೆ ಕೊರತೆಯೇ ಇಲ್ಲ. ಕಾವೇರಿಯ ಕಥೆಗೆ ಪುರಾಣವಿದೆ, ಭಗಂಡೇಶ್ವರ ದೇವಾಲಯದ ಬಗ್ಗೆ ಗೆಜೆಟಿಯರಿನ ಟಿಪ್ಪಣಿಯಿದೆ, ಕೊಡಗಿನ ಅರಸ ಬರೆಸಿದ ಚರಿತ್ರೆಯಿದೆ, ಮಿಷನರಿಗಳ ಪುಸ್ತಕಗಳಿವೆ. ಇವುಗಳ ಜೊತೆಗೆ ಅರ್ಚಕರ ಮಾತು, ಸಂಗಮದ ಬಳಿಯ ಅಂಗಡಿಯವರ ಮಾತು, ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಬಂದಾಗಿನ ಊರವರ ನೆನಪು ಎಲ್ಲವೂ ನಿಮ್ಮ ರೆಕಾರ್ಡರಿನಲ್ಲಿದೆ. ಅಚ್ಚಿನಲ್ಲಾದರೆ ಉದ್ಧರಣ ಚಿಹ್ನೆ, ಓರೆ ಅಕ್ಷರ, ಅಡಿಟಿಪ್ಪಣಿ ಇವೆಲ್ಲ ಸೇರಿ ಯಾವ ಮಾತು ಯಾರದು ಎಂದು ಬೇರ್ಪಡಿಸಿಕೊಡುತ್ತವೆ. ಕಿವಿಗೆ ಇವು ಯಾವುವೂ ಇಲ್ಲ. ಒಂದೇ ಧ್ವನಿಯಲ್ಲಿ ಓದಿಬಿಟ್ಟರೆ ಪುರಾಣ, ಚರಿತ್ರೆ, ಊರಿನ ನಂಬಿಕೆ, ನಿರೂಪಕರ ಅಭಿಪ್ರಾಯ ಎಲ್ಲವೂ ಒಂದೇ ಮಾತಾಗಿ ಕೇಳಿಸುತ್ತವೆ. ಅವನ್ನು ಬಿಡಿಸಿ ಹೇಳುವ ಕೆಲಸ ವಾಕ್ಯಗಳಿಂದಲೇ ಆಗಬೇಕು.

1. ಮಾತಿನ ಒಡೆಯರನ್ನು ಮೊದಲೇ ಕರೆತನ್ನಿ

ಕನ್ನಡ ವಾಕ್ಯದ ಸಹಜ ನಡೆಯೇ ಇಲ್ಲಿ ನಮಗೆ ತೊಡಕು. ನಾವು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಕೊನೆಯಲ್ಲಿ ‘ಎಂದು’ ಹಾಕಿ, ಆಮೇಲೆ ಹೇಳಿದವರ ಹೆಸರು ತರುತ್ತೇವೆ. ಪತ್ರಿಕೆಯಲ್ಲಿ ಇದು ನಡೆಯುತ್ತದೆ, ಏಕೆಂದರೆ ಕಣ್ಣು ಹಿಂದಕ್ಕೆ ಹೋಗಿ ನೋಡಬಲ್ಲದು. ಕಿವಿ ಹಿಂದಕ್ಕೆ ಹೋಗಲಾರದು. ಈ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ:

“1785ರ ಹೊತ್ತಿಗೆ ಟಿಪ್ಪುವಿನ ಸೇನೆ ಭಾಗಮಂಡಲವನ್ನು ಹಿಡಿದು ಕೋಟೆ ಮಾಡಿಕೊಂಡಿತು, 1790ರಲ್ಲಿ ದೊಡ್ಡ ವೀರರಾಜೇಂದ್ರ ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದ, ಆಗ ಫಿರಂಗಿ ಗುಂಡು ತಗುಲಿ ಹಾಳಾದ ದೇಗುಲದ ಕೆಲವು ತಾಮ್ರದ ಹೆಂಚುಗಳ ಜಾಗದಲ್ಲಿ ಬೆಳ್ಳಿಯವನ್ನು ಹಾಕಿಸಿದ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ.”

‘ಗೆಜೆಟಿಯರ್’ ಎಂಬ ಪದ ಬರುವಷ್ಟರಲ್ಲಿ ಕೇಳುಗರು ಇಡೀ ಘಟನೆಯನ್ನು ನಿರೂಪಕರ ಮಾತೆಂದೇ ಒಪ್ಪಿಕೊಂಡಿರುತ್ತಾರೆ. ಕೊನೆಯಲ್ಲಿ ಬಂದ ಆಧಾರ ಅವರಿಗೆ ಬಾಲಂಗೋಚಿಯಂತೆ ಕೇಳಿಸುತ್ತದೆಯೇ ಹೊರತು, ಕೇಳಿದ್ದನ್ನು ತೂಗಿನೋಡಲು ನೆರವಾಗುವುದಿಲ್ಲ. ಅದನ್ನೇ ಹೀಗೆ ತಿರುಗಿಸಿ:

“ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಈ ದೇಗುಲದ ಮಾಡಿನ ಬಗ್ಗೆ ಒಂದು ವಿವರ ಇದೆ. 1785ರ ಹೊತ್ತಿಗೆ ಟಿಪ್ಪುವಿನ ಸೇನೆ ಭಾಗಮಂಡಲವನ್ನು ಹಿಡಿದು ಕೋಟೆ ಮಾಡಿಕೊಂಡಿತ್ತು. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮುತ್ತಿ ಮರಳಿ ಪಡೆದ. ಗೆಜೆಟಿಯರ್ ಹೇಳುವಂತೆ, ಆ ಮುತ್ತಿಗೆಯಲ್ಲಿ ಕೆಲವು ತಾಮ್ರದ ಹೆಂಚುಗಳಿಗೆ ಫಿರಂಗಿ ಗುಂಡು ತಗುಲಿತು. ಅರಸ ಆಮೇಲೆ ಅವುಗಳ ಜಾಗದಲ್ಲಿ ಬೆಳ್ಳಿಯ ಹೆಂಚು ಹಾಕಿಸಿದ.”

ಒಂದು ವಾಕ್ಯ ನಾಲ್ಕೈದಾಯಿತು, ಉದ್ದವೂ ಸ್ವಲ್ಪ ಹೆಚ್ಚಾಯಿತು. ಆದರೆ ಮಾತು ಯಾರದೆಂಬುದು ಮೊದಲ ಉಸಿರಿನಲ್ಲೇ ಗೊತ್ತಾಯಿತು. ನಡುವೆ ಬಂದ ‘ಗೆಜೆಟಿಯರ್ ಹೇಳುವಂತೆ’ ಎಂಬುದನ್ನು ಗಮನಿಸಿ. ಅದನ್ನು ಪ್ರತಿ ವಾಕ್ಯಕ್ಕೂ ಅಂಟಿಸಿಲ್ಲ. ಯಾವ ವಿವರ ಒಂದೇ ಆಧಾರದ ಮೇಲೆ ನಿಂತಿದೆಯೋ, ಯಾವುದನ್ನು ಕೇಳುಗರು ‘ಹೌದಾ?’ ಎಂದು ಕೇಳಬಹುದೋ, ಅಲ್ಲಿಗೆ ಮಾತ್ರ ಇಟ್ಟಿದೆ. ಟಿಪ್ಪುವಿನ ಸೇನೆ ಬಂದಿತ್ತು ಎಂಬುದಕ್ಕಿಂತ ಬೆಳ್ಳಿಯ ಹೆಂಚಿನ ಕಥೆಗೇ ಆಧಾರದ ಅಗತ್ಯ ಹೆಚ್ಚು.

2. ತೆರೆದ ಮಾತನ್ನು ಕೇಳಿಸುವಂತೆ ಮುಚ್ಚಿ

ಬಹಳ ಜನ ನಿರೂಪಕರು ಉದ್ಧರಣೆಯನ್ನು ಚೆನ್ನಾಗಿಯೇ ಶುರು ಮಾಡುತ್ತಾರೆ, ಮುಗಿಸುವುದನ್ನು ಮರೆಯುತ್ತಾರೆ. “ಅರ್ಚಕರು ಹೇಳುತ್ತಾರೆ” ಎಂದು ತೆರೆದ ಬಾಗಿಲು ತೆರೆದೇ ಇರುತ್ತದೆ. ಮುಂದಿನ ನಿಮ್ಮ ವ್ಯಾಖ್ಯಾನವೂ ಅರ್ಚಕರ ಬಾಯಿಗೆ ಹೋಗಿ ಸೇರುತ್ತದೆ. ಭಾಗಮಂಡಲದಂಥ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ದೇವಾಲಯದ ಪದ್ಧತಿಯ ಬಗ್ಗೆ ನೀವು ಸೇರಿಸಿದ ಒಂದು ಮಾತು ಅವರದೆಂದು ಪ್ರಸಾರವಾದರೆ, ಮರುದಿನ ಊರಿಗೆ ಉತ್ತರ ಕೊಡಬೇಕಾದವರು ಅವರು.

ಮುಚ್ಚುವ ದಾರಿಗಳು ಹಲವು. ತೀರ ಸುಲಭವಾದದ್ದು, ಕಾಲವನ್ನೋ ಜಾಗವನ್ನೋ ಬದಲಿಸುವುದು: “ಇದು ಅರ್ಚಕರು ಕೊಟ್ಟ ವಿವರಣೆ. ಈಗ ನಾವು ಮೆಟ್ಟಿಲಿಳಿದು ಸಂಗಮಕ್ಕೆ ಬಂದಿದ್ದೇವೆ.” ಇನ್ನೊಂದು, ಎದುರು ಮಾತನ್ನು ತರುವುದು: “ಅಂಗಡಿಯವರು ಹೇಳುವುದೇ ಬೇರೆ.” ಮೂರನೆಯದು ಉಸಿರು. ಉದ್ಧರಣೆ ಮುಗಿದ ಮೇಲೆ ಒಂದು ಸಣ್ಣ ವಿರಾಮ ಕೊಟ್ಟು, ಸ್ವರವನ್ನು ನಿಮ್ಮ ಮಾಮೂಲು ಮಟ್ಟಕ್ಕೆ ತಂದು ಮುಂದುವರಿಯಿರಿ. ಆದರೆ ಬರೀ ವಿರಾಮವನ್ನು ನಂಬಿ ಕೂರಬೇಡಿ. ಅಡುಗೆಮನೆಯಲ್ಲಿ ಕುಕ್ಕರಿನ ಸದ್ದಿನ ನಡುವೆ, ಬಸ್ಸಿನಲ್ಲಿ ಕೇಳುವವರಿಗೆ ವಿರಾಮ ಕೇಳಿಸುವುದಿಲ್ಲ, ಪದ ಕೇಳಿಸುತ್ತದೆ.

ನಮ್ಮ ಕಥನ ಪರಂಪರೆಗೆ ಇದು ಹೊಸದಲ್ಲ. ಕುಮಾರವ್ಯಾಸನ ಭಾರತದಲ್ಲಿ ವೈಶಂಪಾಯನ ಜನಮೇಜಯನಿಗೆ ಕಥೆ ಹೇಳುತ್ತಾನೆ. ಆ ಕಥೆಯೊಳಗೆ ಕೃಷ್ಣ, ಕರ್ಣ, ದ್ರೌಪದಿ ಎಲ್ಲರೂ ಮಾತಾಡುತ್ತಾರೆ. ಆದರೂ ಅಲ್ಲಲ್ಲಿ ಜನಮೇಜಯನನ್ನು ಹೆಸರಿಟ್ಟು ಕರೆಯುವುದರಿಂದ ಕಥೆ ಹೇಳುತ್ತಿರುವವರು ಯಾರೆಂಬುದು ಮರೆತುಹೋಗುವುದಿಲ್ಲ. ಗಮಕಿಗಳು ಓದುವುದನ್ನು ಕೇಳಿಯೇ ಭಾರತ ತಿಳಿದ ಜನರಿಗೆ ಆ ಸಂಬೋಧನೆ ಎಷ್ಟು ಕೆಲಸ ಮಾಡಿರಬೇಕು ಎಂದು ನಿರೂಪಣೆ ಬರೆಯುವವರು ಯೋಚಿಸಬೇಕು.

3. ‘ನಾನು’ ಬಂದಲ್ಲಿ ಎರಡು ಸಲ ಯೋಚಿಸಿ

ಊರಿನ ಹಿರಿಯರೊಬ್ಬರು ನಿಮಗೆ ಹೀಗೆ ಹೇಳಿದರು ಎಂದುಕೊಳ್ಳೋಣ: “ನಾನು ಹುಡುಗನಾಗಿದ್ದಾಗ ಆಟಿ ತಿಂಗಳಲ್ಲಿ ಶಾಲೆಗೆ ಹೋಗಲು ದೋಣಿಯೇ ಗತಿ.” ಅವರ ಧ್ವನಿಯೇ ನಿಮ್ಮಲ್ಲಿದ್ದರೆ ಸಮಸ್ಯೆಯಿಲ್ಲ. ಧ್ವನಿ ಇಲ್ಲದೆ ನೀವೇ ಓದಬೇಕಾದಾಗ ಆ ‘ನಾನು’ ನಿಮ್ಮ ಮೇಲೆ ಬಂದು ಕೂರುತ್ತದೆ. ಅರ್ಧದಲ್ಲಿ ರೇಡಿಯೋ ಹಾಕಿದವರಿಗೆ ನಿರೂಪಕರೇ ದೋಣಿಯಲ್ಲಿ ಶಾಲೆಗೆ ಹೋಗಿದ್ದರು ಎನಿಸುತ್ತದೆ.

ಇದಕ್ಕೆ ಕನ್ನಡದಲ್ಲೇ ಸಿದ್ಧವಾದ ಸಾಧನವಿದೆ: ‘ತಾನು’, ‘ತಾವು’, ‘ತಮ್ಮ’. “ಆಟಿ ತಿಂಗಳಲ್ಲಿ ತಾವು ಶಾಲೆಗೆ ದೋಣಿಯಲ್ಲೇ ಹೋಗುತ್ತಿದ್ದುದನ್ನು ಆ ಹಿರಿಯರು ನೆನೆಯುತ್ತಾರೆ.” ಇಲ್ಲಿ ‘ತಾವು’ ಎಂಬುದು ನಿರೂಪಕರಿಗೂ ಸಲ್ಲದು, ಮೂರನೆಯವರಿಗೂ ಸಲ್ಲದು, ಮಾತಾಡಿದವರಿಗೇ ಅಂಟಿಕೊಳ್ಳುತ್ತದೆ. ‘ಅವರು’ ಎಂದಿದ್ದರೆ ಗೊಂದಲವಾಗುತ್ತಿತ್ತು. ನಮ್ಮ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ, ಗಂಡಸಿಗೂ ಸಲ್ಲುತ್ತದೆ, ಹೆಂಗಸಿಗೂ ಸಲ್ಲುತ್ತದೆ. ಅರ್ಚಕರು, ತಕ್ಕರು, ಅಧಿಕಾರಿ ಮೂವರೂ ಬಂದ ಪ್ಯಾರಾದಲ್ಲಿ ಬರೀ ‘ಅವರು’ ಬರೆದರೆ ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ.

ನೇರ ಮಾತನ್ನೇ ಉಳಿಸಿಕೊಳ್ಳುವ ಸಂದರ್ಭಗಳೂ ಇವೆ. ಹೇಳಿದ ರೀತಿಯಲ್ಲೇ ಜೀವವಿದ್ದರೆ ಅದನ್ನು ಪರೋಕ್ಷ ಮಾಡಿ ಕೊಲ್ಲಬಾರದು. ಆಗ ಒಂದೇ ಸಣ್ಣ ವಾಕ್ಯವನ್ನು ನೇರವಾಗಿ ಇಟ್ಟು ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ: “ಮಳೆಗಾಲದ ಶಾಲೆಯ ಬಗ್ಗೆ ಕೇಳಿದರೆ ಆ ಹಿರಿಯರದು ಒಂದೇ ಮಾತು: ದೋಣಿಯೇ ಗತಿ.” ನೇರ ಮಾತು ಎರಡು ವಾಕ್ಯ ಮೀರಿದರೆ ಬೇರೆ ಧ್ವನಿಯಲ್ಲಿ ಓದಿಸುವುದೇ ವಾಸಿ.

4. ಆಧಾರದ ಹಿಂದಿನ ಆಧಾರವನ್ನು ಬಿಚ್ಚಿಡಿ, ಆದರೆ ಎರಡೇ ಕೊಂಡಿ ಸಾಕು

ಈ ಒಂಬತ್ತರಲ್ಲಿ ಹೆಚ್ಚು ಕಷ್ಟವಾದದ್ದು ಇದು. ಭಾಗಮಂಡಲದ ಚರಿತ್ರೆಯೇ ಇದಕ್ಕೆ ಒಳ್ಳೆಯ ಪಾಠ.

ದೊಡ್ಡ ವೀರರಾಜೇಂದ್ರನ ಕಾಲದ ಕದನಗಳ ಬಗ್ಗೆ ನಾವು ಓದುವುದರ ಹಿಂದೆ ‘ರಾಜೇಂದ್ರನಾಮೆ’ ಎಂಬ ಕನ್ನಡ ಚರಿತ್ರೆಯಿದೆ. ಅದನ್ನು ಬರೆಸಿದವನು ಆ ಅರಸನೇ. 1808ರಲ್ಲಿ ಅದನ್ನು ಅಬರ್‌ಕ್ರೋಂಬಿ ಎಂಬ ಬ್ರಿಟಿಷ್ ಅಧಿಕಾರಿ ಇಂಗ್ಲಿಷಿಗೆ ತಂದ. ಆಮೇಲೆ ಬಂದವರು ಬಾಸೆಲ್ ಮಿಷನ್ನಿನವರು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಬರೆದರು, 1870ರಲ್ಲಿ ರಿಕ್ಟರ್ ತಮ್ಮ ಕೈಪಿಡಿ ತಂದರು. ಸರಕಾರಿ ಗೆಜೆಟಿಯರುಗಳು ಅದಕ್ಕೂ ಈಚಿನವು. ಇಂದು ಪ್ರವಾಸಿ ಕೈಪಿಡಿಯಲ್ಲಿ ನೀವು ಓದುವ ಸಾಲು ಇಷ್ಟು ಕೈ ದಾಟಿ ಬಂದದ್ದಿರಬಹುದು.

ಇದನ್ನೆಲ್ಲ ಕೇಳುಗರಿಗೆ ಒಪ್ಪಿಸಲು ಹೋದರೆ ನಿರೂಪಣೆ ಗ್ರಂಥಸೂಚಿಯಾಗುತ್ತದೆ. “ರಾಜೇಂದ್ರನಾಮೆಯನ್ನು ಆಧರಿಸಿ ಮೋಗ್ಲಿಂಗ್ ಬರೆದದ್ದನ್ನು ಅನುಸರಿಸಿ ರಿಕ್ಟರ್ ಹೇಳುವ ಪ್ರಕಾರ” ಎಂಬ ವಾಕ್ಯವನ್ನು ಯಾರೂ ಕೇಳಲಾರರು. ಎರಡೇ ಕೊಂಡಿ ಹೇಳಿ. ಒಂದು, ನೀವು ಕಣ್ಣಾರೆ ಓದಿದ ಪುಸ್ತಕ. ಇನ್ನೊಂದು, ಆ ಮಾತು ಮೊದಲು ಹುಟ್ಟಿದ ಜಾಗ ಗೊತ್ತಿದ್ದರೆ, ಅದು. ನಡುವಿನವರನ್ನು ಬಿಟ್ಟುಬಿಡಿ. ನೀವು ಓದಿದ್ದು ಮೋಗ್ಲಿಂಗ್ ಪುಸ್ತಕವಾಗಿ, ಆ ಭಾಗಕ್ಕೆ ರಾಜೇಂದ್ರನಾಮೆಯೇ ಆಧಾರ ಎಂದು ಅಲ್ಲೇ ಕಂಡರೆ, ಹೀಗೆ ಬರೆಯಿರಿ:

“ಈ ಯುದ್ಧದ ಕಥೆಯನ್ನು ನಾವು ಓದಿದ್ದು 1855ರಲ್ಲಿ ಮೋಗ್ಲಿಂಗ್ ಬರೆದ ಪುಸ್ತಕದಲ್ಲಿ. ಮೋಗ್ಲಿಂಗರಿಗೆ ಆಧಾರವಾದದ್ದು ಅರಸ ದೊಡ್ಡ ವೀರರಾಜೇಂದ್ರ ತಾನೇ ಬರೆಸಿದ ಚರಿತ್ರೆ. ಹಾಗಾಗಿ ಇಲ್ಲಿ ಕೇಳುವುದು ಗೆದ್ದವರ ಮಾತು.”

ಆ ಕೊನೆಯ ಸಣ್ಣ ವಾಕ್ಯವೇ ಇಲ್ಲಿ ಮುಖ್ಯ. ಅರಸನ ಆಶ್ರಯದಲ್ಲಿ ಬರೆದ ಚರಿತ್ರೆ ಅರಸನ ಶೌರ್ಯವನ್ನು ಹೊಗಳುವುದು ಸಹಜ. ಅದು ಸುಳ್ಳೆಂದು ನೀವು ಹೇಳಬೇಕಾಗಿಲ್ಲ, ನಿಜವೆಂದು ಸಾಧಿಸಬೇಕಾಗಿಯೂ ಇಲ್ಲ. ಯಾರ ಕಡೆಯಿಂದ ಬಂದ ಮಾತು ಎಂದು ತಿಳಿಸಿದರೆ ಕೇಳುಗರು ತಾವೇ ತೂಗುತ್ತಾರೆ. ಇಷ್ಟು ಹೇಳದೆ “ಇತಿಹಾಸ ಹೇಳುತ್ತದೆ” ಎಂದು ಬರೆಯುವ ಚಾಳಿ ನಮ್ಮಲ್ಲಿ ಬಹಳ ಇದೆ. ಇತಿಹಾಸ ಎಂಬ ಒಬ್ಬರು ಎಲ್ಲೂ ಕೂತು ಮಾತಾಡುವುದಿಲ್ಲ. ಯಾರೋ ಬರೆದಿದ್ದಾರೆ, ಯಾರೋ ಬರೆಸಿದ್ದಾರೆ, ಅವರಿಗೆ ಹೆಸರಿದೆ.

ಹಾಡುಗಳಿಗೂ ಇದೇ ನಿಯಮ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಿಂದ ಒಂದು ಪ್ರಸಂಗ ತೆಗೆದುಕೊಂಡರೆ, ಅದು ಚಿಣ್ಣಪ್ಪನವರ ರಚನೆಯೆಂಬಂತೆ ಓದಬೇಡಿ. ಹಾಡು ಕೊಡವ ಜನಪದರದು, ಸಂಗ್ರಹ ಚಿಣ್ಣಪ್ಪನವರದು, ನೀವು ಓದುತ್ತಿರುವ ಕನ್ನಡ ರೂಪ ಮತ್ತೊಬ್ಬರದು. “ಕೊಡವರ ಹಾಡೊಂದು ಹೀಗೆ ಹೇಳುತ್ತದೆ, ಇದನ್ನು ಸಂಗ್ರಹಿಸಿದವರು ಚಿಣ್ಣಪ್ಪನವರು, ಕನ್ನಡಕ್ಕೆ ತಂದವರು ಇಂಥವರು” ಎಂದು ಒಮ್ಮೆ ಹೇಳಿದರೆ ಮೂವರಿಗೂ ನ್ಯಾಯ ಸಲ್ಲುತ್ತದೆ.

5. ‘ಎನ್ನಲಾಗಿದೆ’ಯನ್ನು ಕೈಬಿಡಿ; ನಂಬಿಕೆಗೆ ನಂಬುವವರನ್ನು ಕೊಡಿ

ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿ, ಕನ್ನಿಕೆ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸುಜ್ಯೋತಿ ಕಾಣುವುದಿಲ್ಲ. ಅದು ಗುಪ್ತವಾಗಿ ಹರಿದು ಬಂದು ಸೇರುತ್ತದೆಂಬುದು ಭಕ್ತರ ನಂಬಿಕೆ. ಇದನ್ನು ನಿರೂಪಣೆಯಲ್ಲಿ ಮೂರು ರೀತಿ ಕೇಳಿದ್ದೇನೆ.

“ಇಲ್ಲಿ ಮೂರು ನದಿಗಳು ಸೇರುತ್ತವೆ.” ಇದು ನಂಬಿಕೆಯನ್ನು ನಿರೂಪಕರ ವರದಿಯನ್ನಾಗಿ ಮಾಡುತ್ತದೆ.

“ಇಲ್ಲಿ ಮೂರು ನದಿಗಳು ಸೇರುತ್ತವೆ ಎನ್ನಲಾಗಿದೆ.” ಯಾರು ಅಂದದ್ದು? ಹೇಳಿದವರನ್ನು ಅಳಿಸಿಹಾಕಿ ಮಾತನ್ನು ಮಾತ್ರ ಉಳಿಸಿದ ವಾಕ್ಯ ಇದು. ಇದರ ಜೊತೆಗೆ ಕಾಣುವ ಎರಡು ನದಿಗಳ ಮೇಲೂ ಅನುಮಾನ ಬರುವಂತೆ ಮಾಡುತ್ತದೆ.

“ಕಾವೇರಿ ಮತ್ತು ಕನ್ನಿಕೆ ಇಲ್ಲಿ ಕಣ್ಣೆದುರೇ ಕೂಡುತ್ತವೆ. ಮೂರನೆಯ ಸುಜ್ಯೋತಿ ನೆಲದಡಿಯಲ್ಲಿ ಬಂದು ಸೇರುತ್ತಾಳೆ ಎಂದು ಇಲ್ಲಿ ಮೀಯಲು ಬರುವ ಭಕ್ತರು ನಂಬುತ್ತಾರೆ.” ಇದು ಸರಿ. ಕಂಡದ್ದು ಯಾವುದು, ನಂಬಿದ್ದು ಯಾವುದು, ನಂಬುವವರು ಯಾರು ಎಂಬ ಮೂರೂ ಬಂದವು. ಯಾರ ಭಕ್ತಿಗೂ ಕುಂದಿಲ್ಲ. ‘ಸೇರುತ್ತಾಳೆ’ ಎಂಬ ಸ್ತ್ರೀಲಿಂಗದ ಕ್ರಿಯಾಪದವೂ ಭಕ್ತರ ಬಾಯಿಂದ ಬಂದದ್ದೇ. ಅದನ್ನು ಅವರ ಮಾತಿನೊಳಗೆ ಮಾತ್ರ ಬಳಸಿ, ನಿಮ್ಮ ಮಾತಿಗೆ ಬಂದಾಗ ‘ಸೇರುತ್ತದೆ’ ಎನ್ನಿ. ಇಷ್ಟು ಸಣ್ಣ ಬದಲಾವಣೆಯಿಂದಲೂ ಕಿವಿಗೆ ಗಡಿ ಗೊತ್ತಾಗುತ್ತದೆ.

‘ಅಂತೆ’ಯ ಬಗ್ಗೆಯೂ ಒಂದು ಮಾತು. ಅಜ್ಜಿ ಹೇಳುವ ಕಥೆಗೆ ಅದು ಸೊಗಸು. “ಅಗಸ್ತ್ಯರು ಕಾವೇರಿಯನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದರಂತೆ” ಎಂದರೆ ಕೇಳಿದ ಕಥೆಯೆಂದು ಎಲ್ಲರಿಗೂ ತಿಳಿಯುತ್ತದೆ. ಬೇರೆ ಯಾವ ಪದವನ್ನೂ ಸೇರಿಸಬೇಕಾಗಿಲ್ಲ. ಆದರೆ ಅದೇ ‘ಅಂತೆ’ಯನ್ನು ಜೀವಂತ ವ್ಯಕ್ತಿಯ ಹೇಳಿಕೆಗೆ ಹಚ್ಚಿದರೆ ಅದು ಕೊಂಕಾಗುತ್ತದೆ. “ರಸ್ತೆ ನಾಳೆ ತೆರೆಯುತ್ತಾರಂತೆ” ಎಂಬುದರಲ್ಲಿ ‘ನೋಡೋಣ’ ಎಂಬ ಧ್ವನಿ ಇದೆ. ಅಧಿಕಾರಿಯ ಮಾತಿಗೆ “ರಸ್ತೆ ನಾಳೆ ತೆರೆಯುತ್ತೇವೆಂದು ಲೋಕೋಪಯೋಗಿ ಇಲಾಖೆ ಹೇಳಿದೆ” ಎಂಬುದೇ ನ್ಯಾಯ.

6. ಕ್ರಿಯಾಪದ ಸಾದಾ ಇರಲಿ

‘ಹೇಳಿದರು’ ಎಂಬುದಕ್ಕೆ ಬೇಸತ್ತು ‘ಸ್ಪಷ್ಟಪಡಿಸಿದರು’, ‘ಒಪ್ಪಿಕೊಂಡರು’, ‘ಬಹಿರಂಗಪಡಿಸಿದರು’ ಎಂದು ಬದಲಿಸುವವರು ಎಚ್ಚರವಾಗಿರಬೇಕು. ‘ಸ್ಪಷ್ಟಪಡಿಸಿದರು’ ಎಂದರೆ ಅವರು ಹೇಳಿದ್ದು ನಿಜ ಎಂದು ನೀವು ಮುದ್ರೆ ಒತ್ತಿದಂತೆ. ‘ಒಪ್ಪಿಕೊಂಡರು’ ಎಂದರೆ ಮುಚ್ಚಿಟ್ಟದ್ದೇನೋ ಇತ್ತು ಎಂದಂತೆ. ಕೇಳುಗರಿಗೆ ‘ಹೇಳಿದರು’ ಎಂಬುದು ಹತ್ತು ಸಲ ಬಂದರೂ ಬೇಸರವಾಗುವುದಿಲ್ಲ. ಅದು ಕಿವಿಯ ಮೇಲೆ ಭಾರವಿಲ್ಲದೆ ಹಾದುಹೋಗುತ್ತದೆ.

7. ಬೇರೆ ಭಾಷೆಯ ಧ್ವನಿಯನ್ನು ಮುಳುಗಿಸಬೇಡಿ

ಭಾಗಮಂಡಲದ ಸುತ್ತ ಅರೆಭಾಷೆ ಮಾತಾಡುವವರು ಬಹಳ. ಕೊಡವ ತಕ್ಕ್, ಮಲಯಾಳ, ತುಳು ಕೂಡ ಸುತ್ತಲಿನ ಕಿವಿಗಳಿಗೆ ಪರಿಚಿತ. ಮಡಿಕೇರಿ ಆಕಾಶವಾಣಿ ಕೇಂದ್ರ ಕನ್ನಡದ ಜೊತೆಗೆ ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳನ್ನೂ ಪ್ರಸಾರ ಮಾಡುವುದು ಇದೇ ಕಾರಣಕ್ಕೆ. ಕನ್ನಡ ರೂಪಕದಲ್ಲಿ ಕೊಡವ ಅಜ್ಜಿಯೊಬ್ಬರ ಮಾತು ಬಂದರೆ, ಅದನ್ನು ಪೂರ್ತಿ ಅಳಿಸಿ ಕನ್ನಡದಲ್ಲಿ ಓದುವುದು ಅನ್ಯಾಯ. ಪೂರ್ತಿ ಇಟ್ಟರೆ ಉಳಿದ ಜಿಲ್ಲೆಗಳ ಕೇಳುಗರಿಗೆ ಅರ್ಥವಾಗುವುದಿಲ್ಲ.

ದಾರಿ ಇದು: ಅಜ್ಜಿಯ ಧ್ವನಿ ಮೊದಲು ಮೂರು ನಾಲ್ಕು ಸೆಕೆಂಡು ತನ್ನ ಪೂರ್ಣ ಮಟ್ಟದಲ್ಲಿ ಕೇಳಿಸಲಿ. ಆಮೇಲೆ ಅದನ್ನು ತಗ್ಗಿಸಿ, ಅದರ ಮೇಲೆ ಕನ್ನಡ ಅನುವಾದ ಬರಲಿ. ಕೊನೆಯ ಕೆಲವು ಪದಗಳಿಗೆ ಮತ್ತೆ ಅಜ್ಜಿಯ ಧ್ವನಿಯೇ ಮೇಲೇಳಲಿ. ಅನುವಾದ ಓದುವವರು ನಿರೂಪಕರಲ್ಲದೆ ಬೇರೊಬ್ಬರಾಗಿದ್ದರೆ ಒಳ್ಳೆಯದು, ಸಾಧ್ಯವಾದರೆ ಹೆಂಗಸಿನ ಮಾತಿಗೆ ಹೆಂಗಸಿನ ಧ್ವನಿ. ಅನುವಾದದಲ್ಲಿ ‘ನಾನು’ ಉಳಿಯಬಹುದು, ಏಕೆಂದರೆ ಅಜ್ಜಿಯ ಧ್ವನಿ ಅಡಿಯಲ್ಲಿ ಕೇಳಿಸುತ್ತಲೇ ಇದೆ. ಒಬ್ಬರೇ ನಿರೂಪಕರಿದ್ದು ಅವರೇ ಅನುವಾದವನ್ನೂ ಓದಬೇಕಾದರೆ ‘ನಾನು’ ಬಿಟ್ಟು ‘ತಾವು’ ಹಿಡಿಯಿರಿ.

ಇನ್ನೊಂದು ಎಚ್ಚರ. ಅಜ್ಜಿ ಎರಡು ವಾಕ್ಯ ಹೇಳಿದ್ದಕ್ಕೆ ನಿಮ್ಮ ಅನುವಾದ ಆರು ವಾಕ್ಯವಾದರೆ, ಕೊಡವ ತಕ್ಕ್ ಬಲ್ಲವರು ಕೂಡಲೇ ಗುರುತಿಸುತ್ತಾರೆ. ವಿವರಣೆ ಬೇಕಾದರೆ ಅಜ್ಜಿಯ ಧ್ವನಿ ನಿಂತ ಮೇಲೆ ನಿಮ್ಮ ಧ್ವನಿಯಲ್ಲಿ ಕೊಡಿ.

8. ನೇರಪ್ರಸಾರದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಆ ಕ್ಷಣಕ್ಕೇ ಬೇರ್ಪಡಿಸಿ

ಪ್ರತಿ ವರ್ಷ ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ 17ರ ಆಸುಪಾಸಿನಲ್ಲಿ, ಭಾಗಮಂಡಲದಿಂದ ಸುಮಾರು 8 ಕಿ.ಮೀ. ದೂರದ ತಲಕಾವೇರಿಯಲ್ಲಿ ತೀರ್ಥೋದ್ಭವ. ಸಾವಿರಾರು ಜನ ಸಂಗಮದಲ್ಲಿ ಮಿಂದು ಮೇಲೆ ಬರುತ್ತಾರೆ. ವೀಕ್ಷಕ ವಿವರಣೆ ಕೊಡುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಬ್ರಹ್ಮಕುಂಡಿಕೆ ಚಿಕ್ಕದು, ಸುತ್ತ ಅರ್ಚಕರು, ಅದರಾಚೆ ಜನಸಾಗರ. ಮೈಕ್ ಹಿಡಿದವರಿಗೆ ಕುಂಡಿಕೆಯೊಳಗಿನ ನೀರು ಕಾಣದೆ ಇರಬಹುದು.

ಮೊದಲು ಮುಹೂರ್ತ. “ಇಂತಿಷ್ಟು ಗಂಟೆಗೆ ತೀರ್ಥೋದ್ಭವ ಆಗಲಿದೆ” ಎಂದರೆ ಆ ಸಮಯ ನಿರೂಪಕರದಾಗುತ್ತದೆ. “ಪಂಚಾಂಗದ ಲೆಕ್ಕದಂತೆ ಅರ್ಚಕರು ತಿಳಿಸಿರುವ ಸಮಯ ಇಂತಿಷ್ಟು” ಎಂದರೆ ಸರಿಯಾದವರ ಬಳಿ ಉಳಿಯುತ್ತದೆ. ನಡುನಡುವೆ ಬಂದು ಸೇರುವ ಕೇಳುಗರಿಗಾಗಿ ಇದನ್ನು ಹತ್ತು ನಿಮಿಷಕ್ಕೊಮ್ಮೆಯಾದರೂ ಆಧಾರದ ಸಮೇತ ಹೇಳಿ. ಸಮಯ ಮಾತ್ರ ಹೇಳಿ ಆಧಾರ ಬಿಡುವುದು ಎರಡನೆಯ ಸಲಕ್ಕೇ ಶುರುವಾಗುತ್ತದೆ. ಅಲ್ಲಿ ಎಚ್ಚರ ತಪ್ಪಬೇಡಿ.

ಆಮೇಲೆ ಆ ಕ್ಷಣ. ನಿಮಗೆ ನೀರು ಉಕ್ಕಿದ್ದು ಕಂಡಿದ್ದರೆ “ನನಗೆ ಕಾಣುತ್ತಿದೆ” ಎಂದು ಧೈರ್ಯವಾಗಿ ಹೇಳಿ. ಕಂಡಿಲ್ಲದಿದ್ದರೆ ಕಂಡದ್ದನ್ನೇ ಹೇಳಿ: “ಅರ್ಚಕರು ಈಗ ಕುಂಡಿಕೆಯಿಂದ ತೀರ್ಥ ತೆಗೆದು ಜನರ ಮೇಲೆ ಪ್ರೋಕ್ಷಿಸುತ್ತಿದ್ದಾರೆ. ತೀರ್ಥೋದ್ಭವ ಆಯಿತು ಎಂದು ಅವರು ಸಾರುತ್ತಿದ್ದಾರೆ.” ಕೇಳುಗರ ಸಂಭ್ರಮ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಜನರ ಜಯಕಾರ ಮೈಕಿನಲ್ಲಿ ಬರುತ್ತಲೇ ಇರುತ್ತದೆ.

ಪುರಾಣದ ಕಥೆಯನ್ನು ತೀರ್ಥೋದ್ಭವಕ್ಕೆ ಮುಂಚಿನ ಕಾಯುವ ಹೊತ್ತಿನಲ್ಲಿ ಹೇಳುವುದು ವಾಡಿಕೆ. ಅಲ್ಲೂ “ಸ್ಕಾಂದಪುರಾಣದ ಭಾಗವೆಂದು ಪ್ರಸಿದ್ಧವಾದ ಕಾವೇರಿ ಮಾಹಾತ್ಮ್ಯದ ಕಥೆ ಇದು” ಎಂದು ತೆರೆಯಿರಿ. ಕಥೆಗೆ ಹಲವು ಪಾಠಗಳಿವೆ. ಅಗಸ್ತ್ಯರು ಸ್ನಾನಕ್ಕೆ ಹೋದದ್ದು, ಕಾವೇರಿ ಕಮಂಡಲದಿಂದ ಹೊರಟದ್ದು, ಶಿಷ್ಯರು ತಡೆಯಲು ಹೋದದ್ದು ಇವುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನೀವು ಹೇಳುತ್ತಿರುವುದು ಯಾವ ಪಾಠ ಎಂದು ಒಂದು ಮಾತು ಸೇರಿಸಿದರೆ, ಬೇರೆ ಪಾಠ ಕೇಳಿ ಬೆಳೆದವರು ನೀವು ತಪ್ಪಿದಿರಿ ಎಂದುಕೊಳ್ಳುವುದಿಲ್ಲ.

9. ಕಣ್ಣು ಮುಚ್ಚಿಸಿ, ನಡುವೆ ನಿಲ್ಲಿಸಿ ಕೇಳಿ

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಹಸ್ತಪ್ರತಿಯನ್ನು ನೋಡಿರದ ಒಬ್ಬರನ್ನು ಎದುರು ಕೂರಿಸಿ. ಅವರು ಕಣ್ಣು ಮುಚ್ಚಿಕೊಳ್ಳಲಿ. ನೀವು ಓದುತ್ತಾ ಹೋಗಿ, ಎಲ್ಲಾದರೂ ಥಟ್ಟನೆ ನಿಲ್ಲಿಸಿ, “ಈಗ ಕೇಳಿದ್ದು ಯಾರ ಮಾತು?” ಎಂದು ಕೇಳಿ. ಎರಡು ಸೆಕೆಂಡಿನೊಳಗೆ ಉತ್ತರ ಬರಬೇಕು. ತಡವರಿಸಿದರೆ ಅಲ್ಲಿ ಗುರುತು ಹಾಕಿ. ಬಹಳ ಸಲ ತಪ್ಪು ನಿಲ್ಲಿಸಿದ ಜಾಗದಲ್ಲಿರುವುದಿಲ್ಲ, ಅದಕ್ಕೂ ಎರಡು ಮೂರು ವಾಕ್ಯ ಹಿಂದೆ, ಮುಚ್ಚದೆ ಬಿಟ್ಟ ಉದ್ಧರಣೆಯಲ್ಲಿರುತ್ತದೆ. ನಡುವಿನಿಂದ ಓದಲು ಶುರು ಮಾಡಿಯೂ ಪರೀಕ್ಷಿಸಿ. ರೇಡಿಯೋ ಕೇಳುವವರಲ್ಲಿ ಎಷ್ಟೋ ಜನ ಹಾಗೆಯೇ ಬಂದು ಸೇರುವವರು.

ಈ ಪರೀಕ್ಷೆಯಲ್ಲಿ ಗೆಲ್ಲಲು ಬೇಕಾದ ಮಾಹಿತಿ ಧ್ವನಿಮುದ್ರಣದ ದಿನವೇ ನಿಮ್ಮ ಕೈಯಲ್ಲಿರಬೇಕು. ಆದ್ದರಿಂದ ಭಾಗಮಂಡಲದಲ್ಲಿ, ಅಥವಾ ನಿಮ್ಮದೇ ಊರಿನಲ್ಲಿ, ಹಿರಿಯರ ಮಾತು ದಾಖಲಿಸುವ ಎಲ್ಲರಲ್ಲೂ ಒಂದು ಕೋರಿಕೆ. ರೆಕಾರ್ಡರ್ ಒತ್ತಿದ ಕೂಡಲೇ ಮಾತಾಡುವವರ ಹೆಸರು, ಊರು, ದಿನಾಂಕ, ಮಾತಿನ ಭಾಷೆ ಇಷ್ಟನ್ನು ನೀವೇ ಗಟ್ಟಿಯಾಗಿ ಹೇಳಿ ದಾಖಲಿಸಿ. “ಇದು ನೀವು ಕಂಡದ್ದೋ, ಹಿರಿಯರಿಂದ ಕೇಳಿದ್ದೋ?” ಎಂದು ಪ್ರತಿ ಘಟನೆಗೂ ಒಮ್ಮೆ ಕೇಳಿ, ಅವರ ಉತ್ತರವನ್ನೂ ಅಳಿಸದೆ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಆ ಧ್ವನಿಯನ್ನು ಬಳಸಿ ನಿರೂಪಣೆ ಬರೆಯುವವರಿಗೆ ಕೇಳಲು ಆ ಹಿರಿಯರೂ ಸಿಗಲಾರರು, ನೀವೂ ಸಿಗಲಾರಿರಿ.